ಕಾಳು ತಿಂದರೆ ಗ್ಯಾಸ್ ಯಾಕೆ? ಯಾವ ನೀರು ಚೆಲ್ಲಬೇಕು, ಯಾವುದನ್ನು ಉಳಿಸಿಕೊಳ್ಳಬೇಕು

ಪ್ರೋಟೀನ್ ಜಾಸ್ತಿ ತಿನ್ನಿ ಎನ್ನುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಕಾಳು-ಬೇಳೆಗೆ ತಟ್ಟೆಯಲ್ಲಿ ದೊಡ್ಡ ಜಾಗ ಕೊಟ್ಟಿದೆ. ದಿನಕ್ಕೆ 2000 ಕ್ಯಾಲೊರಿ ಊಟ ಮಾಡುವವರಿಗೆ ಕಾಳು, ಬೇಳೆ, ಮೊಟ್ಟೆ, ಮಾಂಸ ಇವೆಲ್ಲ ಸೇರಿ ಸುಮಾರು 85 ಗ್ರಾಂ ಎಂದು ಅದರ ಲೆಕ್ಕ. ಮಾಂಸ-ಮೊಟ್ಟೆ ಮುಟ್ಟದವರ ಮನೆಯಲ್ಲಿ ಈ ಪಾಲೆಲ್ಲ ಕಾಳಿಗೇ ಬರುತ್ತದೆ. ತೆಳು ತಿಳಿಸಾರು, ಅನ್ನ, ಮಜ್ಜಿಗೆಯಲ್ಲಿ ಊಟ ಮುಗಿಸುತ್ತಿದ್ದವರು ಒಮ್ಮೆಲೇ ಬೆಳಿಗ್ಗೆ ಒಂದು ಬಟ್ಟಲು ಮೊಳಕೆಕಾಳು, ಮಧ್ಯಾಹ್ನ ಕಾಬೂಲ್ ಕಡಲೆ, ರಾತ್ರಿ ರಾಜ್ಮಾ ಶುರು ಮಾಡುತ್ತಾರೆ. ಮೂರನೇ ದಿನಕ್ಕೆ ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಆಫೀಸಿನಲ್ಲಿ ಕೂರಲಾಗದ ಮುಜುಗರ. "ನನಗೆ ಕಾಳು ಆಗಿ ಬರಲ್ಲ" ಎಂದು ಬಿಟ್ಟುಬಿಡುತ್ತಾರೆ.

ನನಗೆ ಇದು ಬೇಸರ ತರಿಸುವ ವಿಷಯ. ಯಾಕೆಂದರೆ ಅವರಲ್ಲಿ ಹೆಚ್ಚಿನವರಿಗೆ ಕಾಳು ಆಗಿಬರುತ್ತದೆ. ಗ್ಯಾಸ್ ಮಾಡುವ ಮುಖ್ಯ ವಸ್ತು ನೀರಿನಲ್ಲಿ ಕರಗುವಂಥದ್ದು. ಅದನ್ನು ಬೇಯಿಸಿ ಸಾಯಿಸಲು ಆಗುವುದಿಲ್ಲ, ಆದರೆ ನೀರಿನ ಜೊತೆ ಹೊರಗೆ ಚೆಲ್ಲಬಹುದು. ತೊಂದರೆ ಇರುವುದು ಇಲ್ಲಿ: ಬಸ್ಸಾರು, ಹುರುಳಿ ಕಟ್ಟಿನ ಸಾರು ಮಾಡುವ ನಮ್ಮ ಅಡುಗೆಮನೆಯಲ್ಲಿ ಕಾಳಿನ ನೀರೇ ಸಾರು. ಹಾಗಾಗಿ "ನೀರು ಚೆಲ್ಲಿ" ಅಂತ ಸುಮ್ನೆ ಹೇಳಿದರೆ ಸಾಲದು. ಯಾವ ನೀರು, ಯಾವ ಹಂತದಲ್ಲಿ ಎನ್ನುವುದು ಗೊತ್ತಿರಬೇಕು.

ಕರುಳಿನಲ್ಲಿ ಏನಾಗುತ್ತದೆ

ಕಾಳಿನೊಳಗೆ ರಾಫಿನೋಸ್, ಸ್ಟ್ಯಾಕಿಯೋಸ್, ವರ್ಬಾಸ್ಕೋಸ್ ಎಂಬ ಮೂರು ಸಕ್ಕರೆಗಳಿವೆ. ಹೆಸರು ನೆನಪಿಟ್ಟುಕೊಳ್ಳಲೇಬೇಕು ಅಂತೇನಿಲ್ಲ. ಮೂರೂ ಒಂದೇ ಮನೆತನದವು. ನಾವು ಕಾಫಿಗೆ ಹಾಕುವ ಸಕ್ಕರೆಯ ಅಣುವಿಗೆ ಗ್ಯಾಲಾಕ್ಟೋಸ್ ಎಂಬ ಇನ್ನೊಂದು ಸಕ್ಕರೆ ಒಂದು ಸೇರಿದರೆ ರಾಫಿನೋಸ್, ಎರಡು ಸೇರಿದರೆ ಸ್ಟ್ಯಾಕಿಯೋಸ್, ಮೂರು ಸೇರಿದರೆ ವರ್ಬಾಸ್ಕೋಸ್. ಅಲಸಂದೆ, ರಾಜ್ಮಾ, ಸೋಯಾದಲ್ಲಿ ಸ್ಟ್ಯಾಕಿಯೋಸ್ ಜಾಸ್ತಿ. ಹೆಸರು, ಉದ್ದು, ತೊಗರಿಯಲ್ಲಿ ವರ್ಬಾಸ್ಕೋಸ್ ಜಾಸ್ತಿ. ನೂರು ಗ್ರಾಂ ಒಣ ಕಾಳಿನಲ್ಲಿ ಎಲ್ಲ ಸೇರಿ ಸಾಮಾನ್ಯವಾಗಿ 2ರಿಂದ 8 ಗ್ರಾಂ ಇರುತ್ತದೆ. ಕಾಳಿನ ಜಾತಿ, ತಳಿ, ಬೆಳೆದ ಜಾಗದ ಮೇಲೆ ಇದು ಬದಲಾಗುತ್ತದೆ.

ಗಿಡ ಇವನ್ನು ನಮ್ಮ ಹೊಟ್ಟೆ ಕೆಡಿಸಲು ಇಟ್ಟುಕೊಂಡಿಲ್ಲ. ಬೀಜ ಬಲಿತು ಒಣಗುವಾಗ ಒಳಗಿನ ಜೀವಕೋಶಗಳು ಹಾಳಾಗದಂತೆ ಈ ಸಕ್ಕರೆಗಳು ಕಾಯುತ್ತವೆ. ಮಳೆ ಬಿದ್ದು ಮೊಳಕೆ ಒಡೆಯುವಾಗ ಮೊದಲ ಊಟವಾಗಿ ಒದಗುತ್ತವೆ. ಬೀಜ ಬಲಿಯುವ ಕೊನೆಯ ಹಂತದಲ್ಲೇ ಇವು ಹೆಚ್ಚಾಗಿ ತುಂಬಿಕೊಳ್ಳುತ್ತವೆ. ಆದ್ದರಿಂದಲೇ ಒಣ ಕಾಳಿಗೆ ಹೋಲಿಸಿದರೆ ಎಳೆಯ ಹಸಿ ಕಾಳಿನಲ್ಲಿ ಇವು ಕಡಿಮೆ. ಸಂಕ್ರಾಂತಿ ಹೊತ್ತಿನ ಸೊಗಡು ಅವರೆ ತಿಂದು ಹೊಟ್ಟೆ ಕೆಟ್ಟರೆ, ಬಹಳ ಸಲ ಕಾಳಿಗಿಂತ ತಿಂದ ಪ್ರಮಾಣದ್ದೇ ತಪ್ಪು. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಸಂಜೆ ಹುರಿದ ಅವರೆ ಅಂದರೆ ಹೊಟ್ಟೆಯಾದರೂ ಏನು ಮಾಡೀತು?

ಗ್ಯಾಲಾಕ್ಟೋಸ್ ಅಂಟಿಕೊಂಡಿರುವ ಆ ಕೊಂಡಿಯನ್ನು ಕತ್ತರಿಸಲು ಆಲ್ಫಾ-ಗ್ಯಾಲಾಕ್ಟೋಸಿಡೇಸ್ ಎಂಬ ಕಿಣ್ವ ಬೇಕು. ನಮ್ಮ ಸಣ್ಣ ಕರುಳಿನಲ್ಲಿ ಆ ಕತ್ತರಿ ಇಲ್ಲ. ಯಾರಿಗೂ ಇಲ್ಲ. ಇದು ಕಾಯಿಲೆಯಲ್ಲ, ಮನುಷ್ಯರ ಕರುಳು ಇರುವುದೇ ಹಾಗೆ. ಕತ್ತರಿಸದ ಸಕ್ಕರೆ ರಕ್ತಕ್ಕೆ ಸೇರುವುದಿಲ್ಲ. ಇದ್ದ ಹಾಗೇ ದೊಡ್ಡ ಕರುಳಿಗೆ ಜಾರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳ ಹತ್ತಿರ ಆ ಕಿಣ್ವ ಧಾರಾಳವಾಗಿದೆ. ಅವು ಸಕ್ಕರೆಯನ್ನು ಹುದುಗಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕೆಲವರ ಕರುಳಲ್ಲಿ ಮೀಥೇನ್ ಕೂಡ ತಯಾರಾಗುತ್ತದೆ. ಈ ಮೂರಕ್ಕೂ ವಾಸನೆ ಇಲ್ಲ. ವಾಸನೆ ಬರುವುದು ಗಂಧಕ ಸೇರಿದ ಅನಿಲಗಳಿಂದ, ಮತ್ತು ಅವು ಒಟ್ಟು ಗ್ಯಾಸಿನಲ್ಲಿ ನೂರಕ್ಕೆ ಒಂದು ಭಾಗವೂ ಇರುವುದಿಲ್ಲ. ಹಾಗಾಗಿ ಹೊಟ್ಟೆ ಉಬ್ಬುವುದಕ್ಕೂ ದುರ್ವಾಸನೆಗೂ ಕಾರಣ ಒಂದೇ ಅಲ್ಲ.

ಹುಟ್ಟಿದ ಗ್ಯಾಸೆಲ್ಲ ಕೆಳಗೇ ಹೋಗುವುದೂ ಇಲ್ಲ. ಒಂದಷ್ಟನ್ನು ಬೇರೆ ಬ್ಯಾಕ್ಟೀರಿಯಾಗಳು ಬಳಸಿಕೊಳ್ಳುತ್ತವೆ. ಒಂದಷ್ಟು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಬರುತ್ತದೆ. ಹಾಲು ಜೀರ್ಣವಾಗುತ್ತಿದೆಯೇ ಎಂದು ಆಸ್ಪತ್ರೆಯಲ್ಲಿ ಉಸಿರಿನ ಹೈಡ್ರೋಜನ್ ಅಳೆದು ಪರೀಕ್ಷಿಸುತ್ತಾರಲ್ಲ, ಅದು ನಿಂತಿರುವುದು ಇದರ ಮೇಲೆಯೇ.

ಇಲ್ಲೊಂದು ಉಪಯೋಗದ ಗುರುತು ಇದೆ. ತಿಂದದ್ದು ದೊಡ್ಡ ಕರುಳು ತಲುಪಲು ಕೆಲವು ಗಂಟೆ ಬೇಕು. ಮಧ್ಯಾಹ್ನ ತಿಂದ ಕಾಳಿನ ಗ್ಯಾಸ್ ಕಾಣಿಸಿಕೊಳ್ಳುವುದು ಸಂಜೆ ಹೊತ್ತಿಗೆ, ಹೊಕ್ಕುಳಿನ ಕೆಳಭಾಗದಲ್ಲಿ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ತೇಗು, ಎದೆಯುರಿ, ಹುಳಿ ನೀರು ಬಾಯಿಗೆ ಬಂದರೆ ಅದು ಈ ಸಕ್ಕರೆಯ ಕೆಲಸವಲ್ಲ. ಗಬಗಬನೆ ತಿಂದಾಗ ನುಂಗಿದ ಗಾಳಿ, ಎಣ್ಣೆ, ಖಾರ, ಆಮ್ಲದ ತೊಂದರೆ ಇವುಗಳ ಕಡೆ ನೋಡಬೇಕು. ಕಾಳು ಎಷ್ಟು ನೆನೆಸಿದರೂ ಆ ಎದೆಯುರಿ ಹೋಗುವುದಿಲ್ಲ. ಇನ್ನು ಎದೆಯನ್ನು ಹಿಂಡಿದಂತಾಗಿ, ನೋವು ತೋಳಿಗೆ ಅಥವಾ ದವಡೆಗೆ ಹರಿದು, ಬೆವರು ಕಿತ್ತರೆ "ಗ್ಯಾಸ್ ಇರಬೇಕು" ಎಂದು ಓಮದ ನೀರು ಕುಡಿದು ಕೂರುವುದು ಬಹಳ ಅಪಾಯ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕುಕ್ಕರ್ ಎಷ್ಟು ಕೂಗಿದರೂ ಸಕ್ಕರೆ ಅಲ್ಲೇ

ಕಾಳು ಚೆನ್ನಾಗಿ ಬೆಂದರೆ ಗ್ಯಾಸ್ ಆಗಲ್ಲ ಎಂಬ ನಂಬಿಕೆ ಅರ್ಧ ಸರಿ. ಸರಿಯಾಗಿ ಬೇಯದ ಕಾಳಿನಲ್ಲಿ ಹಿಟ್ಟಿನ ಅಂಶ ಗಟ್ಟಿಯಾಗಿಯೇ ಉಳಿದು ಅದೂ ದೊಡ್ಡ ಕರುಳಿಗೆ ಹೋಗುತ್ತದೆ, ಗ್ಯಾಸ್ ಹೆಚ್ಚಾಗುತ್ತದೆ. ಆ ಮಟ್ಟಿಗೆ ಮೆತ್ತಗೆ ಬೇಯಿಸುವುದು ಒಳ್ಳೆಯದು. ಆದರೆ ಮೊದಲು ಹೇಳಿದ ಮೂರು ಸಕ್ಕರೆಗಳು ಅಡುಗೆಯ ಬಿಸಿಗೆ ಹೆಚ್ಚೇನೂ ಒಡೆಯುವುದಿಲ್ಲ. ಕುಕ್ಕರ್ ಮುಚ್ಚಿ ಆರು ಕೂಗು ಕೂಗಿಸಿದರೆ ಅವು ಕಾಳಿನಿಂದ ನೀರಿಗೆ ಬರುತ್ತವೆ ಅಷ್ಟೇ. ಆ ನೀರು ಸಾರಾಗಿ ತಟ್ಟೆಗೇ ಬಂದರೆ ಲೆಕ್ಕ ಬದಲಾಗಲಿಲ್ಲ, ಅಲ್ವಾ?

ನೊರೆಯ ಬಗ್ಗೆಯೂ ಹೇಳಬೇಕು. ಬೇಳೆ ಕುದಿಯುವಾಗ ಮೇಲೆ ಬರುವ ಬಿಳಿ ನೊರೆ ತೆಗೆದರೆ ಗ್ಯಾಸ್ ಹೋಗುತ್ತದೆ, ಯೂರಿಕ್ ಆಸಿಡ್ ಹೋಗುತ್ತದೆ ಎಂದು ವಿಡಿಯೊಗಳು ಓಡಾಡುತ್ತಿವೆ. ಆ ನೊರೆ ಬರುವುದು ಬೇಳೆಯ ಪ್ರೋಟೀನು ಮತ್ತು ಸ್ಯಾಪೊನಿನ್ ಎಂಬ ವಸ್ತುಗಳಿಂದ. ಕುಕ್ಕರಿನ ಬಾಯಿ ಕಟ್ಟದಿರಲಿ ಅಂತ ತೆಗೆದರೆ ಸರಿ. ಗ್ಯಾಸ್ ಮಾಡುವ ಸಕ್ಕರೆ ಕಣ್ಣಿಗೆ ಕಾಣುವುದಿಲ್ಲ, ಅದು ಕೆಳಗಿನ ನೀರಿನಲ್ಲಿ ಕರಗಿರುತ್ತದೆ. ನೆನೆಸಿದ ನೀರಿನ ಬಣ್ಣವೂ ಇಂಥದ್ದೇ. ಕಡಲೆ, ಹುರುಳಿ ನೆನೆಸಿದ ನೀರು ಕಂದಾಗುವುದು ಸಿಪ್ಪೆಯ ಬಣ್ಣದಿಂದ. ನೀರು ತಿಳಿಯಾಗಿ ಕಂಡರೂ ಸಕ್ಕರೆ ಇಳಿದಿರಬಹುದು.

200 ಗ್ರಾಂ ಹುರುಳಿ ತೆಗೆದುಕೊಳ್ಳೋಣ

ನಾಲ್ಕು ಜನರ ಮನೆ. ಒಂದು ಲೋಟದಷ್ಟು, ಅಂದರೆ ಸುಮಾರು 200 ಗ್ರಾಂ ಹುರುಳಿ. ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಅದರಲ್ಲಿ 10 ಗ್ರಾಂ ಈ ಸಕ್ಕರೆ ಇದೆ ಅಂದುಕೊಳ್ಳೋಣ. ನೆನೆಸದೆ ನೇರ ಕುಕ್ಕರಿಗೆ ಹಾಕಿ, ಕಟ್ಟನ್ನೂ ಕಾಳನ್ನೂ ಪೂರ್ತಿ ತಿಂದರೆ ತಲೆಗೆ ಎರಡೂವರೆ ಗ್ರಾಂ.

ಈಗ ನೆನೆಸೋಣ. ಹುರುಳಿಯನ್ನು ಕಲ್ಲು ಆರಿಸಿ, ತೊಳೆದು, ಒಂದು ಲೀಟರ್ ನೀರಿನಲ್ಲಿ ಹಾಕಿ. ಮೇಲೆ ತೇಲುವ ಜೊಳ್ಳನ್ನು, ಹುಳ ತಿಂದ ಕಾಳನ್ನು ತೆಗೆದುಬಿಡಿ. ನೀರು ಕಾಳಿನ ಐದು ಪಟ್ಟು ಇರಲಿ ಎನ್ನುವುದಕ್ಕೆ ಕಾರಣ ಇದೆ. ಕಾಳು ತನ್ನ ತೂಕದಷ್ಟೇ ನೀರನ್ನು ಹೀರುತ್ತದೆ. ಮುಳುಗುವಷ್ಟೇ ನೀರಿಟ್ಟರೆ ಬೆಳಿಗ್ಗೆಗೆ ಚೆಲ್ಲಲು ಏನೂ ಉಳಿದಿರುವುದಿಲ್ಲ. ಇಳಿಯಬೇಕಾದ ಸಕ್ಕರೆ ಕಾಳಿನೊಳಗೇ ಕುಳಿತಿರುತ್ತದೆ. ನೆನೆಸಿದರೂ ಉಪಯೋಗ ಆಗಲಿಲ್ಲ ಎನ್ನುವ ಹಲವರ ಮನೆಯಲ್ಲಿ ಆಗುವುದು ಇದೇ.

ಹುರುಳಿಗೆ 10ರಿಂದ 12 ಗಂಟೆ ಬೇಕು. ಕಡಲೆ, ರಾಜ್ಮಾಗೆ 8ರಿಂದ 12. ಅಲಸಂದೆಗೆ 6 ಗಂಟೆ ಸಾಕು. ನೆನೆದಿದೆಯೇ ಎಂದು ತಿಳಿಯಲು ಒಂದೆರಡು ಕಾಳು ತೆಗೆದು ಉಗುರಿನಲ್ಲಿ ಸೀಳಿ ನೋಡಿ. ಒಳಗೆಲ್ಲ ಒಂದೇ ಬಣ್ಣ, ಒಂದೇ ಮೆದು ಇದ್ದರೆ ನೆನೆದಿದೆ. ನಡುವೆ ಸುಣ್ಣದಂಥ ಬಿಳಿ ಗಟ್ಟಿ ಚುಕ್ಕೆ ಕಂಡರೆ ಇನ್ನೂ ಹೊತ್ತು ಬೇಕು. ಹುರುಳಿಯಲ್ಲಿ ಕೆಲವು ಕಾಳು ಎಷ್ಟು ಹೊತ್ತಾದರೂ ನೀರು ಹೀರದೆ ಸಣ್ಣಗೆ ಹಾಗೇ ಉಳಿಯುತ್ತವೆ. ಬೆಂದ ಮೇಲೂ ಹಲ್ಲಿಗೆ ಕಲ್ಲಿನಂತೆ ಸಿಗುವುದು ಇವೇ, ಆರಿಸಿ ತೆಗೆಯುವುದು ಒಳ್ಳೆಯದು.

ಹವೆ ನೋಡಿಕೊಂಡು ನೆನೆಸಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ 12 ಗಂಟೆ ಇಟ್ಟರೂ ಏನಾಗುವುದಿಲ್ಲ. ಏಪ್ರಿಲಿನ ಮಂಗಳೂರು, ರಾಯಚೂರಿನಲ್ಲಿ ಅಷ್ಟು ಹೊತ್ತಿಗೆ ನೀರಿನ ಮೇಲೆ ಗುಳ್ಳೆ ಕಟ್ಟಿ ಹುಳಿ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ನಡುವೆ ಒಮ್ಮೆ ನೀರು ಬದಲಿಸಿ. ಹಾಗೆ ಬದಲಿಸುವುದರಿಂದ ಸಕ್ಕರೆಯೂ ಇನ್ನಷ್ಟು ಇಳಿಯುತ್ತದೆ.

ಬೆಳಿಗ್ಗೆ ಆ ನೀರು ಚೆಲ್ಲಿ, ಎರಡು ಸಲ ತೊಳೆಯಿರಿ. ರಾತ್ರಿಯಿಡೀ ನೆನೆದ ಕಾಳಿನಿಂದ ಸುಮಾರು ಕಾಲು ಭಾಗದಿಂದ ಅರ್ಧದವರೆಗೂ ಸಕ್ಕರೆ ಇಳಿಯಬಹುದು. ಮೂರರಲ್ಲಿ ಒಂದು ಭಾಗ ಹೋಯಿತು ಅಂತಿಟ್ಟುಕೊಂಡರೆ 10 ಗ್ರಾಂನಲ್ಲಿ ಆರೂಮುಕ್ಕಾಲು ಗ್ರಾಂ ಉಳಿಯಿತು.

ಈಗ ಮೊದಲ ಕುದಿ. ಹೊಸ ನೀರು ಹಾಕಿ, ಮುಚ್ಚಳವಿಲ್ಲದೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ ಆ ನೀರನ್ನೂ ಬಸಿದು ಚೆಲ್ಲಿ. ಬಿಸಿನೀರಿಗೆ ಸಕ್ಕರೆ ಬೇಗ ಇಳಿಯುತ್ತದೆ. ಇದರಲ್ಲಿ ಇನ್ನೊಂದು ಪಾಲು ಹೋಗಿ ಐದು ಗ್ರಾಂ ಆಸುಪಾಸಿಗೆ ಬಂತು ಅನ್ನೋಣ. ಆಮೇಲೆ ಒಂದೂವರೆ ಲೀಟರ್ ಬಿಸಿನೀರು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಈ ಕಟ್ಟನ್ನು ಚೆಲ್ಲಬೇಡಿ. ಸಾರಿಗೆ ಬೇಕಾದದ್ದು ಇದೇ. ರುಚಿ, ಬಣ್ಣ, ಗಟ್ಟಿತನ ಬರುವುದು ಹುರುಳಿ ಪೂರ್ತಿ ಬೇಯುವಾಗ, ಮೊದಲ ಹತ್ತು ನಿಮಿಷದಲ್ಲಲ್ಲ. ತಲೆಗೆ ಎರಡೂವರೆ ಗ್ರಾಂ ಇದ್ದದ್ದು ಒಂದೂಕಾಲು ಗ್ರಾಂಗೆ ಇಳಿಯಿತು. ಸಾರಾಗಿ ಕಟ್ಟನ್ನಷ್ಟೇ ಉಂಡು ಕಾಳನ್ನು ಪಲ್ಯಕ್ಕೆ ಬೇರೆ ಹೊತ್ತಿಗೆ ಇಟ್ಟುಕೊಂಡರೆ ಒಂದು ಊಟಕ್ಕೆ ಬೀಳುವ ಪಾಲು ಇನ್ನೂ ಕಡಿಮೆ.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ: ನೆನೆಸಿದ ನೀರನ್ನು ಎಲ್ಲರೂ ಯಾವಾಗಲೂ ಚೆಲ್ಲಲಿ. ಮೊದಲ ಕುದಿಯ ನೀರನ್ನು ತೊಂದರೆ ಇರುವವರು ಚೆಲ್ಲಲಿ. ಕೊನೆಯ ಕಟ್ಟನ್ನು ಯಾರೂ ಚೆಲ್ಲುವುದು ಬೇಡ. ಯಾಕೆಂದರೆ ಚೆಲ್ಲಿದ ಪ್ರತಿ ನೀರಿನಲ್ಲೂ ಸಕ್ಕರೆಯ ಜೊತೆ ಒಂದಿಷ್ಟು ಬಿ ಗುಂಪಿನ ವಿಟಮಿನ್, ಪೊಟ್ಯಾಸಿಯಂ ಹೋಗುತ್ತವೆ. ಗ್ಯಾಸೇ ಆಗದವರು ಮೂರು ನೀರು ಚೆಲ್ಲಿ ಬರೀ ಚರಟ ತಿನ್ನುವುದರಲ್ಲಿ ಅರ್ಥವಿಲ್ಲ.

ರಾತ್ರಿ ನೆನೆಸಲು ಮರೆತರೆ ದಾರಿ ಇದೆ. ಕಾಳನ್ನು ಧಾರಾಳ ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಡಿ. ಆಮೇಲೆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ರಾತ್ರಿ ನೆನೆಸಿದ್ದಕ್ಕೆ ಹತ್ತಿರದ ಫಲವೇ ಸಿಗುತ್ತದೆ.

ಅಡುಗೆ ಸೋಡಾ ಹಾಕಿದರೆ ಸಕ್ಕರೆ ಇನ್ನೂ ಬೇಗ ಇಳಿಯುತ್ತದೆ, ಸಿಪ್ಪೆಯೂ ಮೆತ್ತಗಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ಬೇಯದೆ ಸತಾಯಿಸುವ ಊರುಗಳಲ್ಲಿ ಜನ ಸೋಡಾಕ್ಕೆ ಕೈ ಹಾಕುವುದು ಅದಕ್ಕೇ. ಆದರೆ ಸೋಡಾ ಬಿ1 ವಿಟಮಿನ್ನನ್ನು ಹಾಳುಮಾಡುತ್ತದೆ. ಜಾಸ್ತಿಯಾದರೆ ಸಾಬೂನಿನ ರುಚಿ, ಕಾಳು ಮುದ್ದೆ. ಹಾಕಲೇಬೇಕೆಂದರೆ ನೆನೆಸುವ ನೀರಿಗೆ ಒಂದು ಚಿಟಿಕೆ ಹಾಕಿ, ಆ ನೀರನ್ನು ಚೆಲ್ಲಿ, ಚೆನ್ನಾಗಿ ತೊಳೆಯಿರಿ. ಬೇಯುವ ನೀರಿಗೆ ಬೇಡ. ಹುಣಸೆಹುಳಿ, ಟೊಮೆಟೊ ಕೂಡ ಕಾಳು ಮೆತ್ತಗಾದ ಮೇಲೆಯೇ ಬೀಳಲಿ. ಹುಳಿ ಮೊದಲೇ ಬಿದ್ದರೆ ಸಿಪ್ಪೆ ಬಿಗಿದು ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ.

ರಾಜ್ಮಾ ಬೇಯಿಸುವಾಗ ಇನ್ನೊಂದು ಎಚ್ಚರಿಕೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶವಿದೆ. ಅದು ಸಾಯದಿದ್ದರೆ ಕೆಲವೇ ಗಂಟೆಯಲ್ಲಿ ಜೋರು ವಾಂತಿ, ಭೇದಿ. ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಪರಿಹಾರ ಒಂದೇ ದಾರಿಯಲ್ಲಿದೆ: ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷಕ್ಕೆ ಕಡಿಮೆಯಾಗದಂತೆ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರಿಗೆ ಹಸಿ ರಾಜ್ಮಾ ಹಾಕಲೇಬಾರದು, ಅಲ್ಲಿ ಕುದಿಯುವಷ್ಟು ಬಿಸಿ ಏರದೇ ಇರಬಹುದು. ವಿದೇಶದಲ್ಲಿ ಡಬ್ಬಿಯ ಕಡಲೆ, ರಾಜ್ಮಾ ಬಳಸುವ ಕನ್ನಡಿಗರಿಗೆ ಈ ಚಿಂತೆಯಿಲ್ಲ, ಅವು ಪೂರ್ತಿ ಬೆಂದಿರುತ್ತವೆ. ಡಬ್ಬಿಯೊಳಗಿನ ಲೋಳೆ ನೀರಿಗೆ ಸಕ್ಕರೆಯೂ ಸಾಕಷ್ಟು ಇಳಿದಿರುತ್ತದೆ. ಜರಡಿಗೆ ಸುರಿದು ತೊಳೆದರೆ ಆಯಿತು.

ಮೊಳಕೆ, ಹಿಟ್ಟಿನ ಹುಳಿ

ನೆನೆಸುವುದು ಸಕ್ಕರೆಯನ್ನು ಹೊರಗೆ ಕಳಿಸುತ್ತದೆ. ಮೊಳಕೆ ಕಟ್ಟುವುದು ಅದನ್ನು ಒಡೆಯುತ್ತದೆ. ನಮ್ಮ ಕರುಳಲ್ಲಿ ಇಲ್ಲದ ಆ ಕಿಣ್ವ ಬೀಜದ ಒಳಗೇ ಇದೆ. ಮೊಳಕೆ ಒಡೆಯುವಾಗ ಅದು ಎದ್ದು, ಕೂಡಿಟ್ಟ ಸಕ್ಕರೆಯನ್ನು ಬಿಡಿಸಿ ಬೆಳೆಯುವ ಮೊಳಕೆಗೆ ಉಣಿಸುತ್ತದೆ. ಒಂದೆರಡು ದಿನದ ಮೊಳಕೆಯಲ್ಲಿ ಹೆಚ್ಚಿನ ಪಾಲು ಖಾಲಿಯಾಗಿರುತ್ತದೆ. ತುದಿಯಲ್ಲಿ ಬಿಳಿ ಚುಕ್ಕೆ ಕಂಡ ಕೂಡಲೇ ಬೇಯಿಸಿಬಿಟ್ಟರೆ ಈ ಲಾಭ ಪೂರ್ತಿ ಸಿಗುವುದಿಲ್ಲ. ಬಾಲ ಒಂದು ಸೆಂಟಿಮೀಟರಿನಷ್ಟಾದರೂ ಬರಲಿ. ಹಾಗಂತ ಹಸಿ ಮೊಳಕೆಯನ್ನು ಬಟ್ಟಲುಗಟ್ಟಲೆ ತಿನ್ನುವುದನ್ನು ನಾನು ಒಪ್ಪುವುದಿಲ್ಲ. ಅದರಲ್ಲಿನ ಹಿಟ್ಟಿನ ಅಂಶ ಬೆಂದಿರುವುದಿಲ್ಲ. ಬೆಚ್ಚಗೆ, ತೇವದಲ್ಲಿ ಮೊಳಕೆ ಬರುವಾಗ ಕಾಯಿಲೆ ತರುವ ಬ್ಯಾಕ್ಟೀರಿಯಾಗಳೂ ಬೆಳೆಯಬಹುದು. ಹಬೆಯಲ್ಲಿ ಬೇಯಿಸಿ ಅಥವಾ ಮೊಳಕೆಕಾಳಿನ ಸಾರು ಮಾಡಿ.

ಇಡ್ಲಿಯಲ್ಲಿ ಇದೇ ಕೆಲಸವನ್ನು ಹಿಟ್ಟಿನ ಬ್ಯಾಕ್ಟೀರಿಯಾಗಳು ಮಾಡುತ್ತವೆ. ರಾತ್ರಿಯಿಡೀ ಹುಳಿ ಬರುವಾಗ ಉದ್ದಿನ ಸಕ್ಕರೆಯ ಒಂದು ಪಾಲನ್ನು ಅವೇ ತಿಂದು ಮುಗಿಸುತ್ತವೆ. ಹೊಟ್ಟೆಯೊಳಗೆ ಆಗಬೇಕಿದ್ದ ಗ್ಯಾಸ್ ಪಾತ್ರೆಯಲ್ಲೇ ಆಗಿ ಹಿಟ್ಟು ಉಬ್ಬುತ್ತದೆ. ಅದೇ ಉದ್ದನ್ನು ನೆನೆಸಿ, ರುಬ್ಬಿ, ಹುಳಿ ಬರಿಸದೆ ವಡೆ ಮಾಡಿದರೆ ಆ ಅನುಕೂಲ ಇಲ್ಲ. ಮೇಲೆ ಎಣ್ಣೆಯೂ ಸೇರಿ ಹೊಟ್ಟೆ ಭಾರ. ನಾಲ್ಕು ಇಡ್ಲಿ ತಿಂದು ಹಾಯಾಗಿರುವವರು ಎರಡು ವಡೆಗೆ ಒದ್ದಾಡುವುದರಲ್ಲಿ ಆಶ್ಚರ್ಯವಿಲ್ಲ.

ಇಂಗು, ಓಮ, ಶುಂಠಿ ಏನು ಮಾಡುತ್ತವೆ

ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂಬ ಗಾದೆ ಇಂಗಿನ ರುಚಿಗೆ ಸಲ್ಲುತ್ತದೆ. ಗ್ಯಾಸಿನ ಮಟ್ಟಿಗೆ ಇಂಗಿನಿಂದ ಅಷ್ಟು ನಿರೀಕ್ಷೆ ಬೇಡ. ಒಗ್ಗರಣೆಯ ಯಾವ ಸಾಮಾನೂ ಆ ಸಕ್ಕರೆಗಳ ಕೊಂಡಿಯನ್ನು ಕತ್ತರಿಸುವುದಿಲ್ಲ. ನೆನೆಸದ ಕಡಲೆಗೆ ಎರಡು ಚಮಚ ಇಂಗು ಸುರಿದರೂ ಸಕ್ಕರೆ ಅಷ್ಟೇ ಇರುತ್ತದೆ. ಮಸಾಲೆ ಸಹಾಯ ಮಾಡುವುದು ಬೇರೆ ಎರಡು ರೀತಿಯಲ್ಲಿ.

ಒಂದು, ಕರುಳಿನ ಸ್ನಾಯುವಿನ ಮೇಲೆ. ಗ್ಯಾಸ್ ಇರುವುದಕ್ಕಿಂತ ಅದು ಒಂದು ಕಡೆ ಸಿಕ್ಕಿಕೊಂಡು ಕರುಳನ್ನು ಎಳೆಯುವುದರಿಂದ ನೋವು ಜಾಸ್ತಿ. ಇಂಗು, ಓಮ, ಜೀರಿಗೆಯಲ್ಲಿರುವ ಘಾಟಿನ ಎಣ್ಣೆಗಳು ಈ ಸ್ನಾಯುವನ್ನು ಸಡಿಲಿಸುವುದು ಪ್ರಾಣಿಗಳ ಕರುಳಿನ ತುಣುಕುಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಕಂಡಿದೆ. ಸಡಿಲವಾದರೆ ಗ್ಯಾಸ್ ಮುಂದೆ ಸಾಗುತ್ತದೆ, ಬಿಗಿತ ಇಳಿಯುತ್ತದೆ. ಶುಂಠಿಯಿಂದ ಊಟ ಜಠರದಿಂದ ಬೇಗ ಕೆಳಗಿಳಿಯುವುದು ಮನುಷ್ಯರ ಮೇಲಿನ ಪರೀಕ್ಷೆಗಳಲ್ಲೂ ಕಂಡಿದೆ. ತಿಂದ ಕೂಡಲೇ ಹೊಟ್ಟೆ ಭಾರ ಎನ್ನುವವರಿಗೆ ಅದರಿಂದ ಉಪಯೋಗ.

ಎರಡು, ಬ್ಯಾಕ್ಟೀರಿಯಾಗಳ ಮೇಲೆ. 1980ರ ದಶಕದಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಗ್ಯಾಸ್ ಉತ್ಪತ್ತಿ ಮಾಡುವ ಒಂದು ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಮಸಾಲೆ ಪದಾರ್ಥಗಳು ಅದರ ಗ್ಯಾಸನ್ನು ತಗ್ಗಿಸುತ್ತವೆಯೇ ಎಂದು ಪರೀಕ್ಷಿಸಿದ್ದರು. ನಮ್ಮ ಒಗ್ಗರಣೆ ಡಬ್ಬಿಯನ್ನು ಇಷ್ಟು ಹಿಂದೆಯೇ ಪ್ರಯೋಗಾಲಯಕ್ಕೆ ಒಯ್ದಿದ್ದರು ಎನ್ನುವುದು ನನಗೆ ಖುಷಿ ಕೊಡುವ ಸಂಗತಿ. ಆದರೆ ಗಾಜಿನ ನಳಿಕೆಯಲ್ಲಿ ಕೆಲಸ ಮಾಡಿದ್ದು ಕರುಳಿನಲ್ಲೂ ಅಷ್ಟೇ ಮಾಡುತ್ತದೆ ಎನ್ನಲಾಗುವುದಿಲ್ಲ. ಚಿಟಿಕೆ ಇಂಗಿನ ಸತ್ವ ದೊಡ್ಡ ಕರುಳಿನವರೆಗೆ ಎಷ್ಟು ಮುಟ್ಟುತ್ತದೆ ಎನ್ನುವುದೇ ಪ್ರಶ್ನೆ.

ಬಳಸುವ ರೀತಿಯೂ ಮುಖ್ಯ. ಈ ಘಾಟಿನ ಅಂಶಗಳು ಎಣ್ಣೆ, ತುಪ್ಪದಲ್ಲಿ ಕರಗುತ್ತವೆ, ಜಾಸ್ತಿ ಕಾದರೆ ಹಾರಿಹೋಗುತ್ತವೆ. ಸಾಸಿವೆ, ಜೀರಿಗೆ ಸಿಡಿದ ಮೇಲೆ ಒಲೆ ಸಣ್ಣಗೆ ಮಾಡಿ, ಕೊನೆಗೆ ಇಂಗು ಹಾಕಿ, ಘಮ ಬಂದ ಕೂಡಲೇ ಸಾರಿಗೆ ಸುರಿಯಬೇಕು. ಇಂಗು ಕಪ್ಪಾದರೆ ಕಹಿ ಮಾತ್ರ ಉಳಿಯುತ್ತದೆ. ನಾಲ್ಕು ಜನರ ಸಾರಿಗೆ ಪುಡಿ ಇಂಗು ಕಾಲು ಚಮಚ ಸಾಕು. ಅಂಗಡಿಯ ಪುಡಿ ಇಂಗಿನಲ್ಲಿ ಗೋಧಿ ಅಥವಾ ಅಕ್ಕಿ ಹಿಟ್ಟು, ಅಂಟು ಬೆರೆಸಿರುತ್ತಾರೆ. ಗೋಧಿ ಆಗದವರು ಡಬ್ಬಿಯ ಹಿಂದೆ ಓದಿ ಕೊಳ್ಳಬೇಕು.

ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಬೇರೆ ಸಾಲಿಗೆ ಸೇರುತ್ತವೆ. ಬೆಳ್ಳುಳ್ಳಿ ಗ್ಯಾಸಿಗೆ ಮದ್ದು ಎಂದು ಹಿಡಿಹಿಡಿ ಹಾಕುವವರಿದ್ದಾರೆ. ಇವೆರಡರಲ್ಲೂ ಫ್ರಕ್ಟಾನ್ ಎಂಬ ಬೇರೊಂದು ಸಕ್ಕರೆಯ ಸರಪಳಿ ಇದೆ, ಅದೂ ನಮ್ಮ ಕರುಳಲ್ಲಿ ಒಡೆಯದೆ ಹುದುಗುತ್ತದೆ. ಕಾಬೂಲ್ ಕಡಲೆ ಮಸಾಲೆಗೆ ಎರಡು ದೊಡ್ಡ ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ ರುಬ್ಬಿ ಹಾಕಿ, ಸಂಜೆ ಹೊಟ್ಟೆ ಉಬ್ಬಿದಾಗ ಕಡಲೆಯನ್ನು ಬೈಯುವುದು ನ್ಯಾಯವಲ್ಲ. ಅನುಮಾನ ಇದ್ದರೆ ಒಮ್ಮೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದೆ, ಇಂಗು-ಶುಂಠಿ ಹಾಕಿ ಅದೇ ಕಡಲೆಯನ್ನು ಅಷ್ಟೇ ಪ್ರಮಾಣದಲ್ಲಿ ಮಾಡಿ ತಿಂದು ನೋಡಿ. ಯಾವುದರ ಕೆಲಸ ಎಂದು ತಿಳಿಯುತ್ತದೆ.

ಎಷ್ಟು ತಿಂದಿರಿ, ಎಷ್ಟು ದಿನದಿಂದ

ಹೆಸರುಬೇಳೆ ಹಗುರ, ಕಡಲೆ ಭಾರ ಎನ್ನುವುದರ ಹಿಂದೆ ಪ್ರಮಾಣದ ಮಾತೂ ಇದೆ. ಒಂದು ಬಟ್ಟಲು ತೆಳು ಬೇಳೆ ಸಾರಿನಲ್ಲಿ ಒಣ ಬೇಳೆ 15-20 ಗ್ರಾಂ ಇದ್ದರೆ ಹೆಚ್ಚು. ಒಂದು ಬಟ್ಟಲು ಕಡಲೆ ಉಸಲಿಯಲ್ಲಿ 60 ಗ್ರಾಂ ಇರಬಹುದು, ಸಿಪ್ಪೆಯ ಸಮೇತ. ಹಾಗಾಗಿ ಹೊಸದಾಗಿ ಕಾಳು ಶುರು ಮಾಡುವವರು ನೆನೆಸುವುದರ ಜೊತೆ ಅಳತೆಯನ್ನೂ ನೋಡಿಕೊಳ್ಳಬೇಕು. ಮೊದಲ ವಾರ ದಿನಕ್ಕೆ ಎರಡು ಮೂರು ಚಮಚ ಬೆಂದ ಕಾಳು, ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿದರೆ ಕರುಳು ಹೊಂದಿಕೊಳ್ಳುತ್ತದೆ.

ಇದು ಬರೀ ಸಮಾಧಾನದ ಮಾತಲ್ಲ. ಅಮೆರಿಕದಲ್ಲಿ ದಿನಕ್ಕೆ ಅರ್ಧ ಕಪ್ ಕಾಳನ್ನು ವಾರಗಟ್ಟಲೆ ತಿನ್ನಿಸಿ ನೋಡಿದ ಮೂರು ಪರೀಕ್ಷೆಗಳ ವರದಿ 2011ರಲ್ಲಿ ಬಂತು. ಮೊದಲ ವಾರದಲ್ಲಿ ಗ್ಯಾಸ್ ಹೆಚ್ಚಾಯಿತು ಎಂದವರು ಹೆಚ್ಚೆಂದರೆ ಅರ್ಧದಷ್ಟು ಜನ. ಅಲಸಂದೆ ತಿಂದವರಲ್ಲಿ ಅದಕ್ಕಿಂತ ಬಹಳ ಕಡಿಮೆ. ವಾರಗಳು ಕಳೆದಂತೆ ದೂರು ಇಳಿಯುತ್ತಾ ಹೋಯಿತು. ಗ್ಯಾಸ್ ಪೂರ್ತಿ ನಿಲ್ಲಲಿ ಎಂದು ಬಯಸುವುದೂ ಸರಿಯಲ್ಲ. ಅದೇ ಬ್ಯಾಕ್ಟೀರಿಯಾಗಳು ಅದೇ ಸಕ್ಕರೆಯಿಂದ ತಯಾರಿಸುವ ಕೆಲವು ಕೊಬ್ಬಿನಾಮ್ಲಗಳು ದೊಡ್ಡ ಕರುಳಿನ ಒಳಪದರಕ್ಕೆ ಆಹಾರ. ದಿನಕ್ಕೆ ಹತ್ತು-ಹದಿನೈದು ಸಲ ಗಾಳಿ ಹೋಗುವುದು ಆರೋಗ್ಯವಂತರಲ್ಲೂ ಇರುವುದೇ.

ಮದುವೆ ಊಟ, ಪ್ರಯಾಣದಂಥ ಹೊತ್ತಿಗೆ ಆ ಇಲ್ಲದ ಕಿಣ್ವವನ್ನೇ ಮಾತ್ರೆಯಾಗಿ ತೆಗೆದುಕೊಳ್ಳಬಹುದು. ಆಲ್ಫಾ-ಗ್ಯಾಲಾಕ್ಟೋಸಿಡೇಸ್ ಮಾತ್ರೆಯನ್ನು ಮೊದಲ ತುತ್ತಿನ ಜೊತೆ ತೆಗೆದುಕೊಳ್ಳಬೇಕು. ಸಂಜೆ ಹೊಟ್ಟೆ ಉಬ್ಬಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಅಷ್ಟು ಹೊತ್ತಿಗೆ ಸಕ್ಕರೆ ದೊಡ್ಡ ಕರುಳು ತಲುಪಿರುತ್ತದೆ. ಗ್ಯಾಲಾಕ್ಟೋಸಿಮಿಯಾ ಎಂಬ ಹುಟ್ಟಿನಿಂದ ಬರುವ ತೊಂದರೆ ಇರುವವರಿಗೆ ಈ ಮಾತ್ರೆ ಕೂಡದು.

ನೆನೆಸಿ, ಚೆಲ್ಲಿ, ಕಡಿಮೆ ತಿಂದು, ಒಂದು ತಿಂಗಳು ಕಳೆದರೂ ಎರಡು ಚಮಚ ಕಾಳಿಗೆ ಹೊಟ್ಟೆ ನೋವು ಬಂದರೆ ಕಾಳಿನಾಚೆ ನೋಡಬೇಕು. ಹಾಲು ಆಗದಿರುವುದು, ಗೋಧಿ ಆಗದಿರುವುದು, ಕರುಳು ಅತಿ ಸೂಕ್ಷ್ಮವಾಗಿರುವ ಐಬಿಎಸ್, ಇವೆಲ್ಲ ಇದೇ ಥರ ಉಬ್ಬರವಾಗಿ ಕಾಣಿಸಿಕೊಳ್ಳುತ್ತವೆ. ಜೊತೆಗೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ಬಿಡದ ಭೇದಿ ಇದ್ದರೆ ಇಂಗು ನೀರಿನಲ್ಲಿ ದಿನ ತಳ್ಳದೆ ವೈದ್ಯರಿಗೆ ತೋರಿಸಿ. ಹೋಗುವಾಗ ಒಂದು ವಾರ ಏನು ತಿಂದಿರಿ, ಎಷ್ಟು ಹೊತ್ತಿನ ಮೇಲೆ ತೊಂದರೆ ಶುರುವಾಯಿತು ಎಂದು ಬರೆದುಕೊಂಡು ಹೋಗಿ. ಊಟವಾದ ಹತ್ತು ನಿಮಿಷಕ್ಕೋ ಐದು ಗಂಟೆಗೋ ಎನ್ನುವುದು ಗೊತ್ತಾದರೆ ಎಲ್ಲಿ ಹುಡುಕಬೇಕು ಎಂದು ಅವರಿಗೆ ಬೇಗ ತಿಳಿಯುತ್ತದೆ.